ಎಲೆಯ ಸೋಲಾರ್ ಚಾರ್ಜರ್ ಹಗಲೆಲ್ಲ ನಡೆದಿದ್ದರೂ ಅದರ ಅಡುಗೆಮನೆ ರಾತ್ರಿ ಏಕೆ ನಡೆಯುವುದಿಲ್ಲ?

ನವನಗರದ ಶಿಕ್ಷಕಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಗೋಡೆಗೆ ಹಾಕಲು ದ್ಯುತಿಸಂಶ್ಲೇಷಣೆಯ ಚಿತ್ರಪಟವೊಂದನ್ನು ಬರೆಸುತ್ತಿದ್ದೇನೆ. ಎಡಭಾಗದಲ್ಲಿ ಬಿಸಿಲಿಗೆ ಹಿಡಿದ ಸೋಲಾರ್ ಚಾರ್ಜರ್ ಇದೆ. ಅದು ನೀರನ್ನು ಒಡೆದು ಆಮ್ಲಜನಕವನ್ನು ಹೊರಗೆ ಬಿಟ್ಟು, ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಎರಡು ಬಗೆಯ ಬ್ಯಾಟರಿಗಳನ್ನು ತುಂಬಿಸುತ್ತದೆ. ಬಲಭಾಗದಲ್ಲಿ ಅಡುಗೆಮನೆ ಇದೆ. ಅದು ಆ ಬ್ಯಾಟರಿಗಳನ್ನು ಬಳಸಿ, ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ತಯಾರಿಸಿ, ಖಾಲಿಯಾದ ಬ್ಯಾಟರಿಗಳನ್ನು ಚಾರ್ಜರಿಗೆ ಹಿಂದಿರುಗಿಸುತ್ತದೆ.

ಚಿತ್ರವನ್ನು ನೋಡಿದ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮರ್ಪಕವಾದ ಉತ್ತರವಿಲ್ಲ. ಹಗಲೆಲ್ಲ ಚಾರ್ಜ್ ಆಗಿದ್ದರೆ ಸೂರ್ಯ ಮುಳುಗುವ ಹೊತ್ತಿಗೆ ಬ್ಯಾಟರಿಗಳು ತುಂಬಿಯೇ ಇರಬೇಕಲ್ಲವೇ, ಹಾಗಿದ್ದರೆ ರಾತ್ರಿ ಎಂಟು ಗಂಟೆಗೆ ಎಲೆ ಸಕ್ಕರೆಯನ್ನು ಏಕೆ ಮಾಡುವುದಿಲ್ಲ ಎಂಬುದು ಅವನ ಪ್ರಶ್ನೆ. ಬಲ್ಲವರು ಕಾರಣಸಹಿತ ತಿಳಿಸಬೇಕೆಂದು ವಿನಂತಿ.

ಸೋಲಾರ್ ಬಸಣ್ಣ (ಜಮಖಂಡಿ)

ಮೇಡಂ, ಶಾಲೆಯ ಬಿಸಿಯೂಟದ ಅಡುಗೆಮನೆಯನ್ನು ರಾತ್ರಿ ಸೋಲಾರ್ ಮೇಲೆ ನಡೆಸುವುದು ಸಾಧ್ಯವಿದೆ, ಆದರೆ ಒಲೆಯ ಲೋಡಿಗೆ ಸಾಮಾನ್ಯ ಇನ್ವರ್ಟರ್ ಬ್ಯಾಟರಿ ತಡೆಯುವುದಿಲ್ಲ. ಒಲೆ ಎಷ್ಟು ವ್ಯಾಟಿನದು, ಎಷ್ಟು ಹೊತ್ತು ಉರಿಯಬೇಕು ಎಂಬುದನ್ನು ತಿಳಿಸಿದರೆ ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ ಬೇಕಾಗುತ್ತದೆ ಎಂಬ ಲೆಕ್ಕವನ್ನು ಹಾಕಿಕೊಡುತ್ತೇನೆ.

ನವನಗರದ ಶಿಕ್ಷಕಿ (ಬಾಗಲಕೋಟೆ)

ಬಸಣ್ಣನವರೇ, ನಾನು ಕೇಳಿದ್ದು ಗಿಡದ ಎಲೆಯೊಳಗಿನ ಅಡುಗೆಮನೆಯ ಬಗ್ಗೆ. ಆದರೂ ಇಲ್ಲಿಯೇ ಇರಿ, ಬ್ಯಾಟರಿಯ ಮಾತು ಮುಂದೆ ಬಂದೇ ಬರುತ್ತದೆ.

ಹಳೆಯ ಬಿ.ಎಸ್‌ಸಿ. (ಗೋಕಾಕ)

ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ತಯಾರಿಸುವ ಚಕ್ರದ ಯಾವ ಹಂತಕ್ಕೂ ಬೆಳಕು ನೇರವಾಗಿ ಬೇಕಾಗಿಲ್ಲ, ಆದ್ದರಿಂದಲೇ ನಾವು ಕಾಲೇಜಿನಲ್ಲಿ ಅದನ್ನು ಕತ್ತಲೆಯ ಕ್ರಿಯೆ ಎಂದು ಓದಿದೆವು. ಬೆಳಕು ಬೇಡದ ಕೆಲಸ ರಾತ್ರಿಯೂ ನಡೆಯಲೇಬೇಕು. ಪುರಾವೆ ಬೇಕಾದರೆ ನಮ್ಮ ಹೊಲದ ಬದುವಿನ ಮೇಲಿರುವ ಪಾಪಾಸುಕಳ್ಳಿಯನ್ನು ನೋಡಿರಿ. ಅದು ಹಗಲು ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳುತ್ತದೆ. ರಾತ್ರಿ ಅಡುಗೆ ಇಲ್ಲದಿದ್ದರೆ ರಾತ್ರಿ ಸಂತೆ ಏಕೆ?

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ಗೋಕಾಕದ ಮಿತ್ರರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಹಂತಗಳಿಗೆ ಬೆಳಕು ನೇರವಾಗಿ ಬೇಕಾಗಿಲ್ಲ ಎಂಬುದು ಸರಿ, ಆದರೆ ಅದರಿಂದ ರಾತ್ರಿಯೂ ನಡೆಯುತ್ತದೆ ಎಂಬ ತೀರ್ಮಾನ ಹುಟ್ಟುವುದಿಲ್ಲ. ಕಳ್ಳಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ವಿದ್ಯಾರ್ಥಿಯ ಪ್ರಶ್ನೆಗೆ ಬ್ಯಾಟರಿಯ ತೂಕದಿಂದಲೇ ಉತ್ತರ ಹುಡುಕೋಣ, ಏಕೆಂದರೆ ಈ ಲೆಕ್ಕವನ್ನು ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು.

ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಸಕ್ಕರೆಯ ಮಟ್ಟಕ್ಕೆ ತರಲು ಅಡುಗೆಮನೆಗೆ 3 ಎಟಿಪಿ ಮತ್ತು 2 ಎನ್‌ಎಡಿಪಿಎಚ್ ಬೇಕು. ಗ್ಲೂಕೋಸಿನಲ್ಲಿ 6 ಇಂಗಾಲಗಳಿರುವುದರಿಂದ ಒಂದು ಗ್ಲೂಕೋಸಿಗೆ 18 ಎಟಿಪಿ ಮತ್ತು 12 ಎನ್‌ಎಡಿಪಿಎಚ್ ಖರ್ಚಾಗುತ್ತವೆ. ಗ್ಲೂಕೋಸಿನ ಅಣುತೂಕ 180, ಎಟಿಪಿಯದು ಸುಮಾರು 507, ಎನ್‌ಎಡಿಪಿಎಚ್‌ನದು ಸುಮಾರು 745. ಅಂದರೆ 180 ಗ್ರಾಂ ಗ್ಲೂಕೋಸಿಗೆ ಸುಮಾರು 9 ಕಿಲೋ ಎಟಿಪಿ ಮತ್ತು ಹೆಚ್ಚುಕಡಿಮೆ ಅಷ್ಟೇ ತೂಕದ ಎನ್‌ಎಡಿಪಿಎಚ್ ಬೇಕಾಗುತ್ತದೆ. ಸಂಜೆಯ ಹೊತ್ತಿಗೆ ತುಂಬಿಟ್ಟ ಬ್ಯಾಟರಿಗಳಿಂದಲೇ ರಾತ್ರಿ ಒಂದು ಕಿಲೋ ಗ್ಲೂಕೋಸನ್ನು ತಯಾರಿಸಬೇಕಾದರೆ ಗಿಡವು ಸುಮಾರು 100 ಕಿಲೋ ಬ್ಯಾಟರಿಯನ್ನು ಎಲೆಗಳಲ್ಲಿ ಹೊತ್ತು ನಿಲ್ಲಬೇಕಾಗುತ್ತದೆ. ಯಾವ ಗಿಡಕ್ಕೂ ಇದು ಸಾಧ್ಯವಿಲ್ಲ. ಎಲೆಯಲ್ಲಿರುವುದು ಬೆರಳೆಣಿಕೆಯ ಬ್ಯಾಟರಿಗಳು ಮಾತ್ರ. ಅವೇ ತುಂಬುತ್ತ, ಖಾಲಿಯಾಗುತ್ತ ಚಾರ್ಜರಿಗೂ ಒಲೆಗೂ ನಡುವೆ ಹಗಲೆಲ್ಲ ಓಡಾಡುತ್ತಿರುತ್ತವೆ. ಬೆಳಕು ಆರಿದರೆ ಅವು ಕೆಲವು ಸೆಕೆಂಡುಗಳಲ್ಲಿ ಬರಿದಾಗುತ್ತವೆ.

ಹಾಗಾದರೆ ರಾತ್ರಿಗೆಂದು ಗಿಡ ಕೂಡಿಡುವುದು ಏನನ್ನು ಎಂದು ಕೇಳಿದರೆ, ಸಕ್ಕರೆಯನ್ನೇ. ಹಗಲಿನ ಉತ್ಪನ್ನದ ಒಂದು ಪಾಲು ಕ್ಲೋರೋಪ್ಲಾಸ್ಟಿನೊಳಗೆ ಪಿಷ್ಟದ ಕಣಗಳಾಗಿ ಕೂಡಿಕೊಳ್ಳುತ್ತದೆ, ರಾತ್ರಿ ಅದು ಕರಗಿ ಗಿಡದ ಉಳಿದ ಭಾಗಗಳಿಗೆ ಹೋಗುತ್ತದೆ. ಚಿತ್ರಪಟದಲ್ಲಿ ಬ್ಯಾಟರಿಗಳನ್ನು ಚಿಕ್ಕದಾಗಿ ಬರೆಸಿ, ಉಗ್ರಾಣವನ್ನು ಅಡುಗೆಮನೆಯ ಪಕ್ಕದಲ್ಲಿ ದೊಡ್ಡದಾಗಿ ಬರೆಸಿರಿ.

ಮುಧೋಳದ ಕಬ್ಬಿನವರು

ಗುರುಗಳೇ, ಕಬ್ಬು ರಾತ್ರಿಯಲ್ಲಿಯೇ ಎದ್ದು ಬೆಳೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ, ನೀರು ಬಿಟ್ಟ ಮರುದಿನ ಬೆಳಿಗ್ಗೆ ಸುಳಿ ನಿನ್ನೆಗಿಂತ ಮೇಲೆ ಬಂದಿರುವುದನ್ನು ನಾನೂ ಕಂಡಿದ್ದೇನೆ. ಅಡುಗೆಯೇ ಇಲ್ಲದಿದ್ದರೆ ಆ ಬೆಳವಣಿಗೆ ಎಲ್ಲಿಂದ ಬಂತು? ಇನ್ನೊಂದು ವಿಷಯ. ನಿಮ್ಮ ಒಂದು ಕಿಲೋಗೆ ನೂರು ಕಿಲೋ ಎಂಬ ಲೆಕ್ಕ ಕಬ್ಬಿಗೂ ಅನ್ವಯಿಸುತ್ತದೆಯೇ? ಸಕ್ಕರೆಯ ವಿಷಯದಲ್ಲಿ ತೂಕದ ಲೆಕ್ಕವನ್ನು ನಾವು ಸುಮ್ಮನೆ ಒಪ್ಪುವವರಲ್ಲ.

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ನೀವು ಕಂಡದ್ದು ನಿಜ, ಅದಕ್ಕೂ ಇದಕ್ಕೂ ವಿರೋಧವಿಲ್ಲ. ರಾತ್ರಿ ಎಲೆಗಳಿಂದ ನೀರು ಆವಿಯಾಗುವುದು ಕಡಿಮೆಯಾಗುವುದರಿಂದ ಸುಳಿಯ ಜೀವಕೋಶಗಳು ನೀರು ತುಂಬಿಕೊಂಡು ಉಬ್ಬಿ ಉದ್ದವಾಗುತ್ತವೆ. ಆ ಬೆಳವಣಿಗೆಗೆ ಬೇಕಾದ ಸಕ್ಕರೆ ಹಗಲಿನಲ್ಲಿಯೇ ತಯಾರಾಗಿ ಇಟ್ಟದ್ದು. ಅಡುಗೆ ಹಗಲಿನದು, ಊಟ ರಾತ್ರಿಯೂ ನಡೆಯುತ್ತದೆ.

ಕಬ್ಬಿನ ಲೆಕ್ಕ ಇನ್ನೂ ಭಾರವಾಗುತ್ತದೆ. ಕಬ್ಬು, ಜೋಳ, ಗೋವಿನಜೋಳಗಳು ಇಂಗಾಲದ ಡೈಆಕ್ಸೈಡನ್ನು ಎಲೆಯ ನಡುಪದರದ ಕೋಶಗಳಲ್ಲಿ ಮೊದಲು ಹಿಡಿದು, ನರಗಳ ಸುತ್ತಲಿನ ಕೋಶಗಳಿಗೆ ಒತ್ತಿ ಕಳಿಸುತ್ತವೆ. ಈ ಸಾಗಣೆಗೆ ಪ್ರತಿ ಅಣುವಿಗೆ ಇನ್ನೂ 2 ಎಟಿಪಿಯಷ್ಟು ಖರ್ಚು ಹೆಚ್ಚುತ್ತದೆ, ಹೀಗಾಗಿ 3ರ ಬದಲು 5 ಬೇಕು. ಒಂದು ಕಿಲೋ ಗ್ಲೂಕೋಸಿಗೆ ಸುಮಾರು 50 ಕಿಲೋ ಇದ್ದ ಎಟಿಪಿಯ ತೂಕ ನಿಮ್ಮ ಹೊಲದಲ್ಲಿ ಸುಮಾರು 85 ಕಿಲೋ ಆಗುತ್ತದೆ. ಮುಧೋಳದ ಬಿಸಿಲಿನಲ್ಲಿ ಆ ಹೆಚ್ಚಿನ ಖರ್ಚು ಗಿಟ್ಟುತ್ತದೆ.

ನವನಗರದ ಶಿಕ್ಷಕಿ (ಬಾಗಲಕೋಟೆ)

ತೂಕದ ಲೆಕ್ಕ ಬಹಳ ಹಿಡಿಸಿತು, ನಾಳೆಯೇ ತರಗತಿಯಲ್ಲಿ ಮಾಡಿಸುತ್ತೇನೆ. ಆದರೆ ಬೆಳಕು ಆರಿದೊಡನೆ ಅಡುಗೆ ನಿಲ್ಲುತ್ತದೆ ಎಂಬುದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ, ಅಥವಾ ಇದು ಕೇವಲ ಲೆಕ್ಕದ ಊಹೆಯೇ ಎಂದು ಆ ಹುಡುಗ ಖಂಡಿತ ಕೇಳುತ್ತಾನೆ.

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ಕಂಡಿದ್ದಾರೆ, ಅದೂ ಬಹಳ ಚಂದವಾಗಿ. ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರೂ ಬೆನ್ಸನ್ ಮತ್ತು ಜೇಮ್ಸ್ ಬಾಶಮ್ ಅವರು 1940ರ ದಶಕದ ಕೊನೆಯಿಂದ ಈ ಕೆಲಸಕ್ಕೆ ಕೈಹಾಕಿದರು. ಚಪ್ಪಟೆಯಾದ ಗಾಜಿನ ಪಾತ್ರೆಯಲ್ಲಿ ಹಸಿರು ಪಾಚಿಯನ್ನು ಬೆಳೆಸಿ, ಎರಡೂ ಬದಿಯಿಂದ ಬೆಳಕು ಕೊಟ್ಟು, ವಿಕಿರಣಶೀಲ ಇಂಗಾಲ-14 ಇರುವ ಡೈಆಕ್ಸೈಡನ್ನು ಉಣಿಸುತ್ತಿದ್ದರು. ಬೇಕಾದ ಗಳಿಗೆಯಲ್ಲಿ ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿದರೆ ಒಳಗಿನ ಎಲ್ಲ ಕ್ರಿಯೆಗಳೂ ಇದ್ದಲ್ಲಿಯೇ ನಿಂತುಬಿಡುತ್ತವೆ. ಆಮೇಲೆ ಆ ರಸವನ್ನು ಕಾಗದದ ಮೇಲೆ ಹರಿಸಿ ಪದಾರ್ಥಗಳನ್ನು ಬೇರ್ಪಡಿಸಿ, ಅದರ ಮೇಲೆ ಎಕ್ಸ್‌ರೇ ಫಿಲ್ಮ್ ಇಟ್ಟರೆ ಇಂಗಾಲ-14 ಸೇರಿದ ಜಾಗಗಳೆಲ್ಲ ಕಪ್ಪು ಚುಕ್ಕೆಗಳಾಗಿ ಮೂಡುತ್ತವೆ.

ನಮಗೆ ಇಲ್ಲಿ ಬೇಕಾದ ಚುಕ್ಕೆಗಳು ಎರಡು. ಒಂದು ಐದು ಇಂಗಾಲಗಳ ಸಕ್ಕರೆ. ಇದು ಡೈಆಕ್ಸೈಡನ್ನು ಹಿಡಿದುಕೊಳ್ಳುವ ಪಾತ್ರೆ. ಇನ್ನೊಂದು ಮೂರು ಇಂಗಾಲಗಳ ಆಮ್ಲ. ಇದು ಹಿಡಿದ ತಕ್ಷಣ ಸಿಗುವ, ಇನ್ನೂ ಬೇಯದ ಪದಾರ್ಥ. ದೀಪವನ್ನು ಆರಿಸಿದಾಗ ಮೂರು ಇಂಗಾಲಗಳ ಆಮ್ಲ ಥಟ್ಟನೆ ಹೆಚ್ಚಿತು, ಐದು ಇಂಗಾಲಗಳ ಸಕ್ಕರೆ ಥಟ್ಟನೆ ಕುಸಿಯಿತು. ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವಕ್ಕೆ ಆ ಕೆಲಸಕ್ಕಾಗಿ ಬ್ಯಾಟರಿ ಬೇಡ, ಆದ್ದರಿಂದ ಕತ್ತಲಾದ ಮೇಲೂ ಪಾತ್ರೆ ಇರುವಷ್ಟು ಹೊತ್ತು ಅದು ಹಿಡಿಯುತ್ತಲೇ ಇತ್ತು. ಆದರೆ ಹಿಡಿದದ್ದನ್ನು ಬೇಯಿಸಲು ಎರಡೂ ಬ್ಯಾಟರಿಗಳು ಬೇಕು, ಪಾತ್ರೆಯನ್ನು ಮತ್ತೆ ಸಜ್ಜುಮಾಡಲು ಎಟಿಪಿ ಬೇಕು. ಹೆಚ್ಚಿದ ತರಕಾರಿ ರಾಶಿ ಬಿದ್ದಿತು, ಒಲೆ ಆರಿತು, ತೊಳೆದ ಪಾತ್ರೆ ಮುಗಿಯಿತು.

ಇದಕ್ಕೆ ಜೋಡಿಯಾದ ಇನ್ನೊಂದು ಪ್ರಯೋಗವಿದೆ. ದೀಪವನ್ನು ಹಾಗೆಯೇ ಉರಿಯಲು ಬಿಟ್ಟು ಡೈಆಕ್ಸೈಡನ್ನು ಮಾತ್ರ ಕಡಿಮೆ ಮಾಡಿದಾಗ ಎಲ್ಲವೂ ತಿರುವುಮುರುವಾಯಿತು. ಐದು ಇಂಗಾಲಗಳ ಪಾತ್ರೆಗಳು ರಾಶಿ ಬಿದ್ದವು, ಮೂರು ಇಂಗಾಲಗಳ ಆಮ್ಲ ಬರಿದಾಯಿತು. ಒಲೆಯೂ ಇದೆ, ಪಾತ್ರೆಯೂ ಇದೆ, ತರಕಾರಿ ಬಂದಿಲ್ಲ. ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ ಡೈಆಕ್ಸೈಡನ್ನು ಹಿಡಿಯುವುದು ಯಾವ ಪದಾರ್ಥ, ಅದು ಮತ್ತೆ ಎಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಾಗಿ, ಅದೊಂದು ಚಕ್ರವೆಂದು ಗೊತ್ತಾಯಿತು. 1961ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಕ್ಯಾಲ್ವಿನ್ ಒಬ್ಬರಿಗೇ ಬಂತು. ಬೆನ್ಸನ್ ಅವರ ಪಾಲು ಅದರಲ್ಲಿ ಕಾಣದೇ ಹೋದದ್ದು ನನಗೆ ಇಂದಿಗೂ ಸರಿ ಎನ್ನಿಸುವುದಿಲ್ಲ.

ಹಳೆಯ ಬಿ.ಎಸ್‌ಸಿ. (ಗೋಕಾಕ)

ಸರಿ, ಬೆಳಕಿನ ಬ್ಯಾಟರಿ ಉಳಿಯುವುದಿಲ್ಲ ಎಂಬುದನ್ನು ಒಪ್ಪೋಣ. ಆದರೆ ಎಟಿಪಿ ತಯಾರಾಗುವುದು ಕ್ಲೋರೋಪ್ಲಾಸ್ಟಿನಲ್ಲಿ ಮಾತ್ರವಲ್ಲ. ರಾತ್ರಿ ಮೈಟೋಕಾಂಡ್ರಿಯಾಗಳು ಸಕ್ಕರೆಯನ್ನು ಸುಟ್ಟು ಎಟಿಪಿಯನ್ನು ಮಾಡುತ್ತಲೇ ಇರುತ್ತವೆ. ಆ ಎಟಿಪಿಯನ್ನು ಅಡುಗೆಮನೆಗೆ ಒಯ್ದರೆ ಚಕ್ರ ತಿರುಗಬೇಕಲ್ಲವೇ? ಕಳ್ಳಿಯ ಪ್ರಶ್ನೆಗೂ ಉತ್ತರ ಬಂದಿಲ್ಲ.

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಪ್ರಶ್ನೆ ಇದೇ. ಬ್ಯಾಟರಿಯನ್ನು ಹೊರಗಿನಿಂದ ತಂದುಕೊಟ್ಟರೂ ಅಡುಗೆ ಸರಿಯಾಗಿ ನಡೆಯುವುದಿಲ್ಲ, ಏಕೆಂದರೆ ರಾತ್ರಿ ಅಡುಗೆಮನೆಗೆ ಬೀಗ ಬಿದ್ದಿರುತ್ತದೆ, ಬೀಗದ ಕೈ ಇರುವುದು ಚಾರ್ಜರಿನ ಬಳಿ.

ಚಾರ್ಜರಿನಿಂದ ಹೊರಡುವ ಎಲೆಕ್ಟ್ರಾನುಗಳೆಲ್ಲ ಎನ್‌ಎಡಿಪಿಎಚ್ ಮಾಡಲಿಕ್ಕೇ ಹೋಗುವುದಿಲ್ಲ. ಒಂದು ಸಣ್ಣ ಪಾಲು ಥಯೋರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿಗೆ ಹೋಗುತ್ತದೆ. ಚಕ್ರದ ಕೆಲವು ಮುಖ್ಯ ಕಿಣ್ವಗಳಲ್ಲಿ ಎರಡು ಗಂಧಕದ ಪರಮಾಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ಆ ಕೊಂಡಿ ಇರುವವರೆಗೆ ಕಿಣ್ವ ಕೆಲಸ ಮಾಡುವುದಿಲ್ಲ. ಥಯೋರೆಡಾಕ್ಸಿನ್ ಎಲೆಕ್ಟ್ರಾನನ್ನು ಕೊಟ್ಟು ಆ ಕೊಂಡಿಯನ್ನು ಕಳಚುತ್ತದೆ, ಕಿಣ್ವ ಎಚ್ಚರಗೊಳ್ಳುತ್ತದೆ. ಕತ್ತಲಾದರೆ ಎಲೆಕ್ಟ್ರಾನು ಬರುವುದಿಲ್ಲ, ಕೊಂಡಿ ತಾನಾಗಿಯೇ ಮತ್ತೆ ಬೀಳುತ್ತದೆ. ಇದರ ಜೊತೆಗೆ, ಬೆಳಕಿನಲ್ಲಿ ಚಾರ್ಜರಿನ ಕೆಲಸದಿಂದಾಗಿ ಅಡುಗೆಮನೆಯ ಪಿಎಚ್ ಸುಮಾರು 7ರಿಂದ 8ಕ್ಕೆ ಏರುತ್ತದೆ, ಮೆಗ್ನೀಸಿಯಂ ಹೆಚ್ಚುತ್ತದೆ. ರುಬಿಸ್ಕೊ ಚುರುಕಾಗಲು ಇವೆರಡೂ ಬೇಕು.

ಇಷ್ಟೊಂದು ಕಾವಲು ಏಕೆ ಎಂದರೆ, ರಾತ್ರಿ ಅದೇ ಕ್ಲೋರೋಪ್ಲಾಸ್ಟಿನಲ್ಲಿ ಪಿಷ್ಟವನ್ನು ಒಡೆಯುವ, ಸಕ್ಕರೆಯನ್ನು ಉತ್ಕರ್ಷಿಸುವ ಕೆಲಸ ನಡೆಯಬೇಕಾಗುತ್ತದೆ. ಕಟ್ಟುವ ಕೆಲಸವೂ ಒಡೆಯುವ ಕೆಲಸವೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ನಡೆದರೆ ಕೈಗೇನೂ ಸಿಗದೆ ಎಟಿಪಿ ಮಾತ್ರ ವ್ಯರ್ಥವಾಗುತ್ತದೆ. ಆ ಉತ್ಕರ್ಷಣೆಯ ಮೊದಲ ಕಿಣ್ವಕ್ಕೂ ಇದೇ ಥಯೋರೆಡಾಕ್ಸಿನ್ ಕೈಹಾಕುತ್ತದೆ, ಆದರೆ ಅದನ್ನು ಹಗಲು ಮಲಗಿಸುತ್ತದೆ.

ಇನ್ನು ಪಾಪಾಸುಕಳ್ಳಿಗೆ ಬರೋಣ. ಅದು ರಾತ್ರಿ ಸಂತೆ ಮಾಡುತ್ತದೆ ಎಂಬುದು ಸರಿ, ಆದರೆ ತಂದ ಡೈಆಕ್ಸೈಡನ್ನು ಸಕ್ಕರೆಯಾಗಿ ಬೇಯಿಸದೆ ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ರಸಧಾನಿಯಲ್ಲಿ ಇಟ್ಟುಕೊಳ್ಳುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಆ ಆಮ್ಲದಿಂದ ಡೈಆಕ್ಸೈಡನ್ನು ಬಿಡಿಸಿಕೊಂಡು, ಬಿಸಿಲಿನ ಬ್ಯಾಟರಿಯಿಂದ ಅಡುಗೆ ಮಾಡುತ್ತದೆ. ಇದನ್ನು ನಾಲಿಗೆಯಿಂದಲೇ ಪರೀಕ್ಷಿಸಬಹುದು. ಎಲೆಯಂಚಿನಲ್ಲಿ ಮರಿ ಹುಟ್ಟುವ ಕಾಡುಬಸಳೆಯ ಎಲೆಯ ಚೂರನ್ನು ನಸುಕಿನಲ್ಲಿ ಜಗಿದು ಉಗುಳಿದರೆ ಹುಳಿ ಕಡಕ್ಕಾಗಿರುತ್ತದೆ, ಮಧ್ಯಾಹ್ನದ ಮೇಲೆ ಅದೇ ಗಿಡದ ಎಲೆ ಸಪ್ಪೆಯಾಗಿರುತ್ತದೆ. ಭಾರತದಲ್ಲಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್ ಈ ರುಚಿಭೇದವನ್ನು 1815ರಷ್ಟು ಹಿಂದೆಯೇ ದಾಖಲಿಸಿದ್ದರು. ಉಗುಳುವುದನ್ನು ಮಾತ್ರ ಮರೆಯಬೇಡಿರಿ, ಆ ಎಲೆ ಹೆಚ್ಚಾದರೆ ಒಳ್ಳೆಯದಲ್ಲ.

ಸೋಲಾರ್ ಬಸಣ್ಣ (ಜಮಖಂಡಿ)

ಈಗ ನನಗೂ ವಿಷಯ ತಿಳಿಯತೊಡಗಿತು. ನನ್ನದೊಂದು ಸಂಶಯವಿದೆ. ನಮ್ಮ ಸಿಸ್ಟಮ್ಮಿನಲ್ಲಿ ಬ್ಯಾಟರಿ ಪೂರ್ತಿ ತುಂಬಿ ಲೋಡೂ ಇಲ್ಲದಿದ್ದರೆ ಚಾರ್ಜ್ ಕಂಟ್ರೋಲರ್ ಪ್ಯಾನೆಲ್‌ನಿಂದ ಕರೆಂಟ್ ಎಳೆಯುವುದನ್ನೇ ನಿಲ್ಲಿಸುತ್ತದೆ, ಬಿದ್ದ ಬಿಸಿಲು ಪ್ಯಾನೆಲ್ಲನ್ನು ಕಾಯಿಸುತ್ತದೆ ಅಷ್ಟೆ. ಎಲೆಯಲ್ಲಿ ಅಡುಗೆಮನೆ ನಿಂತು ಬಿಸಿಲು ಮಾತ್ರ ಸುಡುತ್ತಿದ್ದರೆ ಚಾರ್ಜರಿನ ಗತಿ ಏನು? ಬ್ಯಾಟರಿಗಳು ಅಷ್ಟು ಚಿಕ್ಕವಾಗಿದ್ದರೆ ಕ್ಷಣದಲ್ಲಿ ತುಂಬಿಹೋಗುತ್ತವೆಯಲ್ಲ.

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ಬಸಣ್ಣನವರು ಕೇಳಿದ್ದು ನಮ್ಮ ಭಾಗದ ಏಪ್ರಿಲ್ ತಿಂಗಳ ಮಧ್ಯಾಹ್ನದ ಕಥೆಯೇ. ನೆಲದಲ್ಲಿ ತೇವ ಕಡಿಮೆಯಾಗಿ ಗಾಳಿ ಒಣಗಿದಾಗ ದ್ರಾಕ್ಷಿಯಂಥ ಬೆಳೆ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಡೈಆಕ್ಸೈಡ್ ಒಳಗೆ ಬರುವುದು ಇಳಿಯುತ್ತದೆ, ಅಡುಗೆ ನಿಧಾನವಾಗುತ್ತದೆ, ಖಾಲಿ ಬ್ಯಾಟರಿಗಳು ಹಿಂದಿರುಗುವುದಿಲ್ಲ. ಆದರೆ ಪತ್ರಹರಿತ್ತಿನ ಮೇಲೆ ಬೀಳುವ ಬೆಳಕು ನಿಲ್ಲುವುದಿಲ್ಲ.

ಎಲೆಗೂ ಕಂಟ್ರೋಲರ್ ಉಂಟು. ಚಾರ್ಜರಿನ ಒಳಕೋಣೆಯಲ್ಲಿ ಪ್ರೋಟಾನುಗಳು ಕೂಡಿಕೊಂಡು ಆಮ್ಲೀಯತೆ ಹೆಚ್ಚಿದಾಗ, ಬೆಳಕನ್ನು ಹಿಡಿಯುವ ವ್ಯವಸ್ಥೆಯೇ ಬದಲಾಗಿ, ಹೀರಿದ ಶಕ್ತಿಯ ದೊಡ್ಡ ಪಾಲನ್ನು ಶಾಖವಾಗಿ ಬಿಟ್ಟುಬಿಡುತ್ತದೆ. ರುಬಿಸ್ಕೊ ಕೂಡ ಡೈಆಕ್ಸೈಡ್ ಸಿಗದಾಗ ಆಮ್ಲಜನಕವನ್ನೇ ಹೆಚ್ಚಾಗಿ ಹಿಡಿಯತೊಡಗುತ್ತದೆ. ಆ ತಪ್ಪನ್ನು ಸರಿಪಡಿಸಲು ಬ್ಯಾಟರಿ ಖರ್ಚಾಗುವುದರಿಂದ ಒಂದಷ್ಟು ಖಾಲಿ ಬ್ಯಾಟರಿಗಳು ಚಾರ್ಜರಿಗೆ ಮರಳುತ್ತವೆ. ಇಷ್ಟೆಲ್ಲ ಆದರೂ ಬೆಳಕು ಮಿಕ್ಕಿದರೆ ಎಲೆಕ್ಟ್ರಾನುಗಳು ಆಮ್ಲಜನಕದ ಮೇಲೆ ಬಿದ್ದು ಹಾನಿಕರ ರೂಪಗಳು ಹುಟ್ಟುತ್ತವೆ, ನೀರನ್ನು ಒಡೆಯುವ ಘಟಕದ ಪ್ರೋಟೀನೊಂದು ಹಾಳಾಗುತ್ತದೆ. ಅದನ್ನು ಎಲೆ ದಿನವೂ ದುರಸ್ತಿ ಮಾಡುತ್ತಿರುತ್ತದೆ. ದುರಸ್ತಿಗಿಂತ ಹಾನಿ ಹೆಚ್ಚಾದ ದಿನ ಎಲೆಯ ಇಳುವರಿ ಕುಸಿಯುತ್ತದೆ. ಕಣ್ಣಿಗೆ ಇದು ಬೇಗ ಕಾಣುವುದಿಲ್ಲ, ಆದರೆ ಪತ್ರಹರಿತ್ತು ಹೊರಸೂಸುವ ಮಂದ ಕೆಂಪು ಪ್ರಭೆಯನ್ನು ಅಳೆಯುವ ಉಪಕರಣವನ್ನು ಎಲೆಗೆ ಹಚ್ಚಿದರೆ ತಿಳಿಯುತ್ತದೆ.

ಚಿತ್ರಪಟದಲ್ಲಿ ಹಿಂದಿರುಗುವ ಬಾಣವನ್ನು ಮುಂದೆ ಹೋಗುವ ಬಾಣದಷ್ಟೇ ದಪ್ಪವಾಗಿ ಬರೆಸಿರಿ. ಪುಸ್ತಕಗಳಲ್ಲಿ ಅದು ಸಾಮಾನ್ಯವಾಗಿ ಎಳೆಯಂತೆ ಇರುತ್ತದೆ.

ವಿಜಯಪುರದ ವಿದ್ಯಾರ್ಥಿನಿ

ನಾನು ಈ ವರ್ಷ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಉಗ್ರಾಣದ ವಿಚಾರ ಓದಿ, ನಸುಕಿನಲ್ಲಿ ಮತ್ತು ಸಂಜೆ ಕಿತ್ತ ಎಲೆಗಳಿಗೆ ಅಯೋಡಿನ್ ಪರೀಕ್ಷೆ ಮಾಡಿದೆ. ಎಲೆಗಳನ್ನು ಕುದಿವ ನೀರಿನಲ್ಲಿ ಅದ್ದಿ, ಆಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟ ಆಲ್ಕೋಹಾಲಿನಲ್ಲಿ ಹಸಿರು ಹೋಗುವವರೆಗೆ ಬಿಟ್ಟು, ತೊಳೆದು ಅಯೋಡಿನ್ ಹಾಕಿದೆ. ದಾಸವಾಳದ ಸಂಜೆಯ ಎಲೆ ನೀಲಿಗಪ್ಪಾಯಿತು, ನಸುಕಿನ ಎಲೆ ಹೆಚ್ಚುಕಡಿಮೆ ಅಯೋಡಿನ್ನಿನ ಕಂದುಬಣ್ಣದಲ್ಲಿಯೇ ಉಳಿಯಿತು. ಆದರೆ ನಮ್ಮ ಹೊಲದ ಉಳ್ಳಾಗಡ್ಡಿಯ ಎಲೆ ಸಂಜೆಯೂ ಕಪ್ಪಾಗಲಿಲ್ಲ. ಉಳ್ಳಾಗಡ್ಡಿಯ ಅಡುಗೆಮನೆ ಹಗಲೂ ನಡೆಯುವುದಿಲ್ಲವೇ?

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ನಡೆಯುತ್ತದೆ ತಂಗಿ. ಉಳ್ಳಾಗಡ್ಡಿಯ ಎಲೆ ಪಿಷ್ಟವನ್ನು ಕೂಡಿಡುವುದಿಲ್ಲ, ಕರಗಿರುವ ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ ಮತ್ತು ಗಡ್ಡೆಗೆ ಕಳಿಸುತ್ತದೆ. ಅಯೋಡಿನ್ ಪಿಷ್ಟವನ್ನು ಮಾತ್ರ ತೋರಿಸುತ್ತದೆ. ಆಲ್ಕೋಹಾಲನ್ನು ನೇರವಾಗಿ ಉರಿಯ ಮೇಲೆ ಇಡದೆ ಬಿಸಿನೀರಿನಲ್ಲಿ ಇಟ್ಟದ್ದು ಬಹಳ ಒಳ್ಳೆಯದಾಯಿತು.

ನವನಗರದ ಶಿಕ್ಷಕಿ (ಬಾಗಲಕೋಟೆ)

ಚಿತ್ರಪಟಕ್ಕೆ ಬೀಗ, ಉಗ್ರಾಣ ಮತ್ತು ದಪ್ಪ ಬಾಣವನ್ನು ಸೇರಿಸಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ. ಅಡುಗೆಗೆ 3 ಎಟಿಪಿಗೆ 2 ಎನ್‌ಎಡಿಪಿಎಚ್ ಬೇಕು ಎಂದಿರಿ. ಚಾರ್ಜರ್ ಕೂಡ ಸರಿಯಾಗಿ 3ಕ್ಕೆ 2ರಂತೆಯೇ ತುಂಬಿಸುತ್ತದೆ ಎಂದು ಬರೆಸಬಹುದೇ?

ಸಸ್ಯಶರೀರಶಾಸ್ತ್ರ, ನಿವೃತ್ತ (ಬೆಳಗಾವಿ)

ಬರೆಸಬೇಡಿರಿ. 2 ಎನ್‌ಎಡಿಪಿಎಚ್ ತಯಾರಾಗುವಾಗ ಒಳಕೋಣೆಯಲ್ಲಿ 12 ಪ್ರೋಟಾನುಗಳು ಕೂಡುತ್ತವೆ. ಎಟಿಪಿ ಮಾಡುವ ಯಂತ್ರದ ಚಕ್ರ ಒಂದು ಸುತ್ತು ತಿರುಗಲು, ಪಾಲಕ್ ಸೊಪ್ಪಿನಲ್ಲಿ ಕಂಡಂತೆ, 14 ಪ್ರೋಟಾನು ಬೇಕು ಮತ್ತು ಒಂದು ಸುತ್ತಿಗೆ 3 ಎಟಿಪಿ ಸಿಗುತ್ತದೆ. ಅಂದರೆ 12 ಪ್ರೋಟಾನಿಗೆ ಸುಮಾರು 2.6 ಎಟಿಪಿ ಮಾತ್ರ. ಅಡುಗೆಗೆ 3 ಬೇಕು, ಸ್ವಲ್ಪ ಕೊರತೆ ಬೀಳುತ್ತದೆ. ಕೆಲವು ಎಲೆಕ್ಟ್ರಾನುಗಳು ಎನ್‌ಎಡಿಪಿಎಚ್ ಮಾಡದೆ ಚಾರ್ಜರಿನಲ್ಲಿಯೇ ಮರಳಿ ಸುತ್ತಿ ಹೆಚ್ಚುವರಿ ಪ್ರೋಟಾನುಗಳನ್ನು ತುಂಬುತ್ತವೆ ಎಂಬುದು ಒಂದು ದಾರಿ, ಎನ್‌ಎಡಿಪಿಎಚ್‌ನ ಹೆಚ್ಚುವರಿ ಭಾಗವನ್ನು ಕ್ಲೋರೋಪ್ಲಾಸ್ಟಿನ ಹೊರಗೆ ಸಾಗಿಸಿ ತೂಗಿಸುವುದು ಇನ್ನೊಂದು ದಾರಿ. ಯಾವ ಗಿಡದಲ್ಲಿ, ಯಾವ ಹೊತ್ತಿನಲ್ಲಿ, ಯಾವುದರ ಪಾಲು ಎಷ್ಟು ಎಂಬುದರ ಬಗ್ಗೆ ಈ ಕ್ಷೇತ್ರದವರಲ್ಲಿಯೇ ಒಮ್ಮತವಿಲ್ಲ.

ಹಳೆಯ ಬಿ.ಎಸ್‌ಸಿ. (ಗೋಕಾಕ)

ಬೀಗದ ಮಾತು ಒಪ್ಪತಕ್ಕದ್ದೇ. ಆದರೂ ಕಳ್ಳಿಯ ವಿಷಯದಲ್ಲಿ ನನ್ನ ತಕರಾರು ಉಳಿದಿದೆ. ಡೈಆಕ್ಸೈಡನ್ನು ಹಿಡಿದು ಆಮ್ಲವಾಗಿ ಕಟ್ಟುವುದೂ ಅಡುಗೆಯ ಅರ್ಧ ಕೆಲಸವೇ, ಅದು ರಾತ್ರಿ ನಡೆಯುತ್ತದೆ. ಚಿತ್ರಪಟದಲ್ಲಿ ಅಡುಗೆಮನೆಗೆ ರಾತ್ರಿ ಪೂರ್ತಿ ಬೀಗ ಎಂದು ಬರೆಸಿದರೆ ನಮ್ಮ ಬದುವಿನ ಮೇಲಿನ ಗಿಡಕ್ಕೆ ಅನ್ಯಾಯವಾಗುತ್ತದೆ.

ನವನಗರದ ಶಿಕ್ಷಕಿ (ಬಾಗಲಕೋಟೆ)

ಕಳ್ಳಿಗೆ ಹಿಂಬಾಗಿಲೊಂದನ್ನು ಪ್ರತ್ಯೇಕವಾಗಿ, ಕೆಳಗಿನ ಮೂಲೆಯಲ್ಲಿ ಬರೆಸುತ್ತೇನೆ ಸರ್. ಒಲೆಯನ್ನು ಮಾತ್ರ ರಾತ್ರಿ ಹೊತ್ತಿಸುವುದಿಲ್ಲ.